ಕಿಟಕಿ ಗ್ರಿಲ್‌ನಲ್ಲೊಂದು ಕೈತೋಟ

ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಗಿಡ ಬೆಳೆಸಬೇಕು ಎನ್ನುವವರಿಗೆ ಕೊನೆಗೆ ಉಳಿಯುವ ಜಾಗ ಕಿಟಕಿಯೊಂದೇ. ಅಂಗಳ ಇರುವುದಿಲ್ಲ, ತಾರಸಿಯ ಬೀಗದಕೈ ಮಾಲೀಕರ ಹತ್ತಿರ ಇರುತ್ತದೆ, ಇದ್ದ ಪುಟ್ಟ ಬಾಲ್ಕನಿಯನ್ನು ವಾಷಿಂಗ್ ಮೆಷಿನ್ ಹಿಡಿದಿರುತ್ತದೆ. ಹಾಗಾಗಿ ನರ್ಸರಿಯಿಂದ ಎರಡು ಪುದೀನ, ಒಂದು ಪೆಟೂನಿಯ ತಂದು ಗ್ರಿಲ್‌ಗೆ ನೇತುಹಾಕುತ್ತಾರೆ. ತಿಂಗಳೊಳಗೆ ಪುದೀನ ಕಡ್ಡಿಯಾಗುತ್ತದೆ, ಪೆಟೂನಿಯ ಉದ್ದುದ್ದ ಬೆಳೆದು ಹೂ ನಿಲ್ಲಿಸುತ್ತದೆ. "ನನ್ನ ಕೈಗೆ ಗಿಡ ಹತ್ತುವುದಿಲ್ಲ" ಎಂದು ಕುಂಡ ತೆಗೆದಿಡುತ್ತಾರೆ.

ತಪ್ಪು ಕೈಯದ್ದಲ್ಲ. ಗ್ರಿಲ್‌ನ ಕುಂಡಕ್ಕೂ ನೆಲದ ಕುಂಡಕ್ಕೂ ಮೂರು ವ್ಯತ್ಯಾಸಗಳಿವೆ. ಅದರಲ್ಲಿ ಮಣ್ಣು ಕಡಿಮೆ, ಅದಕ್ಕೆ ಬೆಳಕು ಒಂದೇ ಕಡೆಯಿಂದ ಬರುತ್ತದೆ, ಗಾಳಿ ಮಾತ್ರ ಎಲ್ಲ ಕಡೆಯಿಂದಲೂ ತಾಗುತ್ತದೆ. ಯಾವ ಗಿಡ, ಎಂಥ ಮಣ್ಣು, ಎಷ್ಟು ನೀರು ಎಂಬುದೆಲ್ಲ ಈ ಮೂರರ ಮೇಲೆಯೇ ನಿಂತಿದೆ.

ಮೊದಲು ಬಿಸಿಲು ನೋಡಿ

ಕುಂಡ ಕೊಳ್ಳುವ ಮೊದಲು ಒಂದು ರಜಾದಿನ ಬೆಳಗಿನಿಂದ ಸಂಜೆಯವರೆಗೆ ಗಂಟೆಗೊಮ್ಮೆ ಕಿಟಕಿಯ ಹತ್ತಿರ ಹೋಗಿ, ನೇರ ಬಿಸಿಲು ಎಲ್ಲಿ ಬೀಳುತ್ತಿದೆ ಎಂದು ಬರೆದಿಟ್ಟುಕೊಳ್ಳಿ. ಕೋಣೆ ಬೆಳಗಿದ್ದರೆ ಸಾಲದು, ಬಿಸಿಲು ಎಲೆಯ ಮೇಲೆ ಬೀಳಬೇಕು. ಹೂವಿನ ಗಿಡಗಳಿಗೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು, ಕೊತ್ತಂಬರಿಗೆ ನಾಲ್ಕು ಗಂಟೆ ಸಾಕು. ಪುದೀನ, ದೊಡ್ಡಪತ್ರೆ ಎರಡು ಮೂರು ಗಂಟೆಯಲ್ಲೂ ಸುಧಾರಿಸಿಕೊಳ್ಳುತ್ತವೆ.

ಪೂರ್ವದ ಕಿಟಕಿ ಎಲ್ಲಕ್ಕಿಂತ ಅನುಕೂಲ. ಬೆಳಗಿನ ಬಿಸಿಲು ಎಲೆಯನ್ನು ಸುಡುವುದಿಲ್ಲ. ಪಶ್ಚಿಮದ ಕಿಟಕಿಗೆ ಬಿಸಿಲೇನೋ ಧಾರಾಳವಾಗಿ ಬರುತ್ತದೆ, ಆದರೆ ಮಾರ್ಚ್-ಏಪ್ರಿಲ್‌ನ ಇಳಿಹೊತ್ತಿನಲ್ಲಿ ಕುಂಡವೇ ಕಾದುಹೋಗುತ್ತದೆ. ಹೆಚ್ಚು ಜನ ಮೋಸಹೋಗುವುದು ದಕ್ಷಿಣದ ಕಿಟಕಿಯಲ್ಲಿ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ನಡುಮಧ್ಯಾಹ್ನ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಅದನ್ನೇ ಶೂನ್ಯ ನೆರಳಿನ ದಿನ ಎನ್ನುತ್ತಾರೆ. ಈ ಎರಡು ದಿನಗಳ ನಡುವಿನ ಅವಧಿಯಲ್ಲಿ ಸೂರ್ಯ ದಿನವಿಡೀ ಆಕಾಶದ ಉತ್ತರ ಭಾಗದಲ್ಲೇ ಸಾಗುವುದರಿಂದ ದಕ್ಷಿಣದ ಗೋಡೆಗೆ ನೇರ ಬಿಸಿಲು ಸೋಕುವುದೇ ಇಲ್ಲ. ಡಿಸೆಂಬರ್‌ನಲ್ಲಿ ಮೈತುಂಬ ಹೂ ಬಿಟ್ಟ ಗಿಡ ಜೂನ್‌ನಲ್ಲಿ ಸೊರಗುವುದಕ್ಕೆ ಕಾರಣ ಇದು, ರೋಗವಲ್ಲ. ಅದೇ ತಿಂಗಳುಗಳಲ್ಲಿ ಉತ್ತರದ ಕಿಟಕಿಗೆ ಓರೆ ಬಿಸಿಲು ಸಿಗುತ್ತದೆ. ಕುಂಡಗಳನ್ನು ಋತುವಿಗೆ ತಕ್ಕಂತೆ ಕಿಟಕಿಯಿಂದ ಕಿಟಕಿಗೆ ಬದಲಿಸಿದರೆ ಗಿಡ ಉಳಿಯುತ್ತದೆ.

ಸಜ್ಜವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸೂರ್ಯ ಮೇಲೇರಿದಂತೆ ಸಜ್ಜದ ನೆರಳು ಕಿಟಕಿಯ ಮೇಲ್ಭಾಗದಿಂದ ಕೆಳಕ್ಕೆ ಇಳಿಯುತ್ತ ಬರುತ್ತದೆ. ಹಾಗಾಗಿ ಪೂರ್ವದ ಕಿಟಕಿಯಲ್ಲಿ ಬಿಸಿಲು ಹೆಚ್ಚು ಹೊತ್ತು ನಿಲ್ಲುವುದು ಕೆಳಸಾಲಿನಲ್ಲಿ. ಅಂದಕ್ಕೆಂದು ಹೂವಿನ ಕುಂಡವನ್ನು ಮೇಲೆ ತೂಗಿ ಸೊಪ್ಪಿನ ಕುಂಡವನ್ನು ಕೆಳಗಿಡುವುದು ವಾಡಿಕೆ. ಗಿಡಗಳಿಗೆ ಒಗ್ಗುವುದು ಇದರ ತಿರುಗುಮುರುಗು.

ಭಾರ ಮತ್ತು ಮಣ್ಣು

ಎಂಟು ಇಂಚು ಅಗಲದ ಪ್ಲಾಸ್ಟಿಕ್ ಕುಂಡ ಸುಮಾರು ನಾಲ್ಕು ಲೀಟರ್ ಹಿಡಿಯುತ್ತದೆ. ಅದಕ್ಕೆ ಬರೀ ಕೆಂಪುಮಣ್ಣು ತುಂಬಿ ನೀರು ಹಾಕಿದರೆ ಏಳು ಕಿಲೋ ಹತ್ತಿರ ತೂಗುತ್ತದೆ. ಆರು ಕುಂಡವಾದರೆ ನಲವತ್ತು ಕಿಲೋ ದಾಟಿತು. ಗೋಡೆಯೊಳಗೆ ಹೂತ ಗಟ್ಟಿ ಕಬ್ಬಿಣದ ಗ್ರಿಲ್ ಇದನ್ನು ಹೊತ್ತೀತು. ಚೌಕಟ್ಟಿಗೆ ಬರೀ ಸ್ಕ್ರೂ ಹಾಕಿ ಕೂರಿಸಿದ ತೆಳು ಗ್ರಿಲ್ ಆಗಿದ್ದರೆ ನಂಬುವಂತಿಲ್ಲ. ಭಾರ ಇಳಿಸಲು ಎರಡು ಪಾಲು ಕೋಕೋಪೀಟ್, ಒಂದು ಪಾಲು ಕೆಂಪುಮಣ್ಣು, ಒಂದು ಪಾಲು ಎರೆಗೊಬ್ಬರ ಬೆರೆಸಿ, ಕುಂಡಕ್ಕೊಂದು ಚಮಚ ಬೇವಿನಹಿಂಡಿ ಸೇರಿಸಿ. ಆಗ ಒದ್ದೆ ಕುಂಡವೂ ನಾಲ್ಕೂವರೆ ಕಿಲೋ ಆಸುಪಾಸಿನಲ್ಲಿರುತ್ತದೆ. ತೆಂಗಿನ ನಾರಿನ ಪುಡಿಯಾದ ಕೋಕೋಪೀಟ್‌ನಲ್ಲಿ ಕೆಲವೊಮ್ಮೆ ಉಪ್ಪಿನಂಶ ಉಳಿದಿರುತ್ತದೆ. ಇಟ್ಟಿಗೆಯನ್ನು ನೀರಲ್ಲಿ ನೆನೆಸಿ, ಅರಳಿದ ಮೇಲೆ ಎರಡು ಸಲ ತೊಳೆದು ಹಿಂಡಿ ಬಳಸುವುದು ಒಳ್ಳೆಯದು.

ಕುಂಡ ಯಾವಾಗಲೂ ಗ್ರಿಲ್‌ನ ಒಳಮೈಗೆ, ಇಲ್ಲವೇ ಹೊರಚಾಚಿದ ಬಾಕ್ಸ್ ಗ್ರಿಲ್‌ನ ಒಳಗೇ ಇರಲಿ. ಮೂರನೇ ಮಹಡಿಯಿಂದ ಜಾರಿದ ನಾಲ್ಕು ಕಿಲೋ ಕುಂಡ ಕೆಳಗಿರುವವರ ಜೀವ ತೆಗೆಯಬಲ್ಲದು. ಕೊಕ್ಕೆಯ ಜೊತೆಗೆ ಪ್ರತಿ ಕುಂಡಕ್ಕೂ ಎರಡೆಳೆ ಬೈಂಡಿಂಗ್ ವೈರ್ ಸುತ್ತಿ ಸರಳಿಗೆ ಕಟ್ಟಿ. ಪ್ಲಾಸ್ಟಿಕ್ ಕೇಬಲ್ ಟೈ ಬಿಸಿಲಿಗೆ ಪೆಡಸಾಗಿ ಒಂದು ದಿನ ತಾನೇ ತುಂಡಾಗುತ್ತದೆ, ಅದನ್ನೊಂದನ್ನೇ ನೆಚ್ಚಬೇಡಿ. ಗ್ರಿಲ್‌ನಲ್ಲಿ ತುರ್ತಿಗೆ ತೆರೆಯುವ ಬಾಗಿಲಿದ್ದರೆ ಅದರ ಮೇಲೆ ಏನನ್ನೂ ತೂಗುಹಾಕಬಾರದು.

ಒಂದು ಅಡುಗೆಮನೆ ಕಿಟಕಿ

ನಾಲ್ಕಡಿ ಅಗಲದ, ಪೂರ್ವಕ್ಕೆ ಮುಖಮಾಡಿದ ಅಡುಗೆಮನೆ ಕಿಟಕಿಯೊಂದನ್ನು ತೆಗೆದುಕೊಳ್ಳೋಣ. ಎದುರಿಗೆ ಕಟ್ಟಡವಿಲ್ಲ. ಬೆಳಗ್ಗೆ ಏಳಕ್ಕೆ ಬಿಸಿಲು ಬರುತ್ತದೆ, ಸಜ್ಜದ ನೆರಳು ಮೇಲಿನ ಸಾಲನ್ನು ಹತ್ತಕ್ಕೇ ಮುಚ್ಚುತ್ತದೆ, ಕೆಳಸಾಲಿಗೆ ಹನ್ನೆರಡರ ಹತ್ತಿರದವರೆಗೂ ಬಿಸಿಲಿರುತ್ತದೆ.

ಮೇಲಿನ ಸಾಲಿಗೆ ಪುದೀನ ಮತ್ತು ದೊಡ್ಡಪತ್ರೆ. ಪುದೀನಕ್ಕೆ ನರ್ಸರಿಗೆ ಹೋಗಬೇಕಿಲ್ಲ. ಮಾರುಕಟ್ಟೆಯ ಕಟ್ಟಿನಲ್ಲಿ ದಪ್ಪನೆಯ ಕಡ್ಡಿ ಆರಿಸಿ, ಕೆಳಗಿನ ಎಲೆ ಕಿತ್ತು, ಎರಡು ಗೆಣ್ಣು ಮುಳುಗುವಂತೆ ಲೋಟದ ನೀರಲ್ಲಿಟ್ಟರೆ ವಾರ ಹತ್ತು ದಿನದಲ್ಲಿ ಬಿಳಿ ಬೇರು ಬರುತ್ತದೆ. ಆಮೇಲೆ ಕುಂಡಕ್ಕೆ ನೆಡಿ. ಕೊಯ್ಯುವಾಗ ಎಲೆ ಕೀಳಬೇಡಿ, ಗೆಣ್ಣಿನ ಮೇಲೆ ಕಡ್ಡಿಯನ್ನೇ ಕತ್ತರಿಸಿ. ಕತ್ತರಿಸಿದ ಕಡೆ ಎರಡು ಕವಲು ಒಡೆಯುತ್ತವೆ. ಆರು ತಿಂಗಳಲ್ಲಿ ಪುದೀನ ಸಣ್ಣೆಲೆ ಬಿಟ್ಟು ಸೊರಗತೊಡಗಿದರೆ ಕುಂಡ ಬೋರಲು ಹಾಕಿ ನೋಡಿ. ಮಣ್ಣೇ ಕಾಣದಷ್ಟು ಬೇರು ಕುಂಡದ ಗೋಡೆಯುದ್ದಕ್ಕೂ ಸುತ್ತಿಕೊಂಡಿರುತ್ತದೆ. ಆ ಮುದ್ದೆಯನ್ನು ಚಾಕುವಿನಿಂದ ನಾಲ್ಕು ಭಾಗ ಮಾಡಿ, ಒಂದನ್ನು ಹೊಸ ಮಿಶ್ರಣದಲ್ಲಿ ನೆಟ್ಟರೆ ಮತ್ತೆ ಚಿಗುರುತ್ತದೆ. ಉಳಿದ ಮೂರನ್ನು ನೆರೆಹೊರೆಯವರಿಗೆ ಕೊಡಬಹುದು.

ದೊಡ್ಡಪತ್ರೆಯ ಎಲೆಯಲ್ಲೇ ನೀರಿನ ದಾಸ್ತಾನಿದೆ. ಗೇಣುದ್ದದ ತುಂಡು ನೆಟ್ಟರೆ ಹಿಡಿಯುತ್ತದೆ, ಮಣ್ಣು ಒಣಗಿದ ಮೇಲಷ್ಟೇ ನೀರು ಕೇಳುತ್ತದೆ. ಪುದೀನಕ್ಕೆ ಹಾಕುವಷ್ಟು ನೀರನ್ನು ಇದಕ್ಕೂ ಹಾಕಿದರೆ ಬುಡ ಕಪ್ಪಾಗಿ ಕೊಳೆಯುತ್ತದೆ. ಒಂದು ಕುಂಡವಿದ್ದರೆ ತಂಬುಳಿಗೂ ಮಕ್ಕಳ ಶೀತಕ್ಕೂ ಎಲೆ ಕೈಗೆಟುಕುತ್ತದೆ.

ಪುದೀನದ ನೇರ ಕೆಳಗೆ, ಆರಿಂಚು ಆಳದ ಉದ್ದನೆಯ ಕುಂಡದಲ್ಲಿ ಕೊತ್ತಂಬರಿ. ಮೇಲಿನಿಂದ ಸೋರುವ ನೀರೂ ಇದಕ್ಕೆ ದಕ್ಕುತ್ತದೆ. ಅಂಗಡಿಯ ಧನಿಯವನ್ನೇ ಬಿತ್ತಬಹುದು. ಕಾಳನ್ನು ಲಟ್ಟಣಿಗೆಯಿಂದ ಹಗುರವಾಗಿ ಉರುಳಿಸಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ, ಅರ್ಧ ಇಂಚು ಆಳಕ್ಕೆ ಬಿತ್ತಿದರೆ ಹತ್ತು ದಿನಗಳ ಸುಮಾರಿಗೆ ಮೊಳಕೆ ಕಾಣುತ್ತದೆ. ಐದಾರು ವಾರಕ್ಕೆ ಸೊಪ್ಪು ಕೊಯ್ಲಿಗೆ ಸಿಗುತ್ತದೆ. ಕೊತ್ತಂಬರಿ ಬುಡ ಕಿತ್ತು ಬೇರೆಡೆ ನೆಟ್ಟರೆ ಸಹಿಸುವುದಿಲ್ಲ, ಬಿತ್ತಿದಲ್ಲೇ ಬೆಳೆಯಬೇಕು. ಬೇಸಿಗೆಯಲ್ಲಿ ಬೇಗ ಹೂ ತೆನೆ ಎತ್ತುವುದರಿಂದ ಆಗಸ್ಟ್‌ನಿಂದ ಫೆಬ್ರವರಿವರೆಗೆ ಎರಡು ವಾರಕ್ಕೊಮ್ಮೆ ಅರ್ಧ ಕುಂಡದಂತೆ ಬಿತ್ತುತ್ತ ಹೋದರೆ ಸೊಪ್ಪು ಬಿಡುವಿಲ್ಲದೆ ಸಿಗುತ್ತದೆ.

ಬಿಸಿಲು ಹೆಚ್ಚು ಸಿಗುವ ಕೆಳಗಿನ ಇನ್ನೊಂದು ತುದಿಗೆ ಹೂ. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಪೆಟೂನಿಯ ಇರಲಿ. ಬಾಡಿದ ಹೂವನ್ನು ತೊಟ್ಟಿನ ಸಮೇತ ಚಿವುಟದಿದ್ದರೆ ಅದು ಬೀಜ ಕಟ್ಟಲು ಹೊರಟು ಹೊಸ ಮೊಗ್ಗು ಕಡಿಮೆ ಮಾಡುತ್ತದೆ. ಬೇಸಿಗೆಗೆ ಅದನ್ನು ತೆಗೆದು ಹತ್ತು ಗಂಟೆ ಹೂವಿನ ತುಂಡುಗಳನ್ನು ಚುಚ್ಚಿ. ಅದರ ದಪ್ಪ ಎಲೆಗಳು ಬಿಸಿಲನ್ನೂ ಒಂದೆರಡು ದಿನದ ಮರೆವನ್ನೂ ತಡೆಯುತ್ತವೆ. ಆದರೆ ನೇರ ಬಿಸಿಲಿಲ್ಲದ ದಿನ ಅದರ ಮೊಗ್ಗು ಸರಿಯಾಗಿ ಅರಳುವುದಿಲ್ಲ.

ನೀರು, ಮತ್ತು ಗಿಡ ಹೇಳುವ ಮಾತು

ತೂಗುಕುಂಡಕ್ಕೆ ಸುತ್ತಲೂ ಗಾಳಿ ಬಡಿಯುವುದರಿಂದ ಬೇಸಿಗೆಯಲ್ಲಿ ದಿನವೂ ನೀರು ಬೇಕು, ಮಳೆಗಾಲದಲ್ಲಿ ಮೂರು ದಿನಕ್ಕೊಮ್ಮೆಯೂ ಸಾಕಾಗಬಹುದು. ಕೋಕೋಪೀಟ್ ಮೇಲೆ ಒಣಗಿದಂತೆ ಕಂಡು ಒಳಗೆ ಒದ್ದೆ ಇರುತ್ತದೆ, ಆದ್ದರಿಂದ ಕಣ್ಣನ್ನು ನಂಬಬೇಡಿ. ಕುಂಡದ ತಳಕ್ಕೆ ಅಂಗೈ ಕೊಟ್ಟು ಸ್ವಲ್ಪ ಎತ್ತಿ ನೋಡಿ. ಹಗುರವಾಗಿದ್ದರೆ ತಳದ ತೂತಿನಿಂದ ಹನಿ ಬರುವವರೆಗೆ ನಿಧಾನ ಹಾಕಿ, ಭಾರವಿದ್ದರೆ ಸುಮ್ಮನಿರಿ. ವಾರದಲ್ಲಿ ಈ ಅಂದಾಜು ಕೈಗೆ ಹತ್ತುತ್ತದೆ.

ಎಲೆ ಜೋತುಬಿದ್ದಾಗಲೂ ಇದೇ ಪರೀಕ್ಷೆ. ಕುಂಡ ಹಗುರವಿದ್ದು ಎಲೆ ಜೋತರೆ ಅದು ಬಾಯಾರಿಕೆ, ನೀರು ಹಾಕಿದ ಗಂಟೆಯಲ್ಲಿ ಏಳುತ್ತದೆ. ಕುಂಡ ಭಾರವಿದ್ದೂ ಎಲೆ ಜೋತರೆ ಬೇರು ಕೊಳೆಯುತ್ತಿದೆ ಎಂದರ್ಥ. ಆಗ ಇನ್ನಷ್ಟು ನೀರು ಹಾಕುವುದೇ ಗಿಡ ಸಾಯಲು ಕಾರಣವಾಗುತ್ತದೆ. ತಳದ ತೂತು ಕಟ್ಟಿದೆಯೇ ನೋಡಿ, ಒಣಗಲು ಬಿಡಿ.

ಕಾಂಡ ಸಣಕಲಾಗಿ, ಎಲೆಗಳ ನಡುವೆ ಅಂತರ ಹೆಚ್ಚಿ, ಗಿಡ ಹೊರಕ್ಕೆ ಬಾಗಿದರೆ ಬೆಳಕು ಸಾಲದು. ವಾರಕ್ಕೊಮ್ಮೆ ಕುಂಡವನ್ನು ಅರ್ಧ ಸುತ್ತು ತಿರುಗಿಸಿದರೆ ಬಾಗುವುದು ತಪ್ಪುತ್ತದೆ, ಆದರೆ ಸಣಕಲು ಕಾಂಡಕ್ಕೆ ಜಾಗ ಬದಲಿಸುವುದೊಂದೇ ದಾರಿ. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿ ಎಲೆಯಂಚು ಕಂದಾದರೆ ಅದು ಬೋರ್‌ವೆಲ್ ನೀರಿನ ಲವಣ. ಮಳೆನೀರು ಸಿಕ್ಕಾಗ ಒಂದು ಬಕೆಟ್ ಹಿಡಿದು, ಕುಂಡವನ್ನು ಬಚ್ಚಲಲ್ಲಿಟ್ಟು ನೀರು ಹರಿದುಹೋಗುವಂತೆ ಚೆನ್ನಾಗಿ ಸುರಿಯಿರಿ. ಹೀಗೆ ಪ್ರತಿ ಸಲ ಸೋರುವ ನೀರಿನೊಡನೆ ಸತ್ವವೂ ಹೋಗುವುದರಿಂದ ತಿಂಗಳಿಗೊಮ್ಮೆ ಒಂದು ಹಿಡಿ ಎರೆಗೊಬ್ಬರ ಕೊಡಬೇಕು.

ಬೇಸಿಗೆಯಲ್ಲಿ ಎಲೆಯ ಮೇಲೆ ಸೂಜಿಮೊನೆಯಷ್ಟು ಹಳದಿ ಚುಕ್ಕೆ, ಅಡಿಯಲ್ಲಿ ನವಿರಾದ ಬಲೆ ಕಂಡರೆ ನುಸಿ ಬಂದಿದೆ. ಎಲೆಯ ಅಡಿಭಾಗವನ್ನು ಮೂರು ದಿನ ನೀರಿನಿಂದ ಜೋರಾಗಿ ತೊಳೆಯಿರಿ. ಹೋಗದಿದ್ದರೆ ಲೀಟರ್ ನೀರಿಗೆ ಒಂದು ಚಮಚ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಕಲಸಿ ಸಂಜೆ ಸಿಂಪಡಿಸಿ. ತಿನ್ನುವ ಸೊಪ್ಪಿಗೆ ಬೇರೆ ಕೀಟನಾಶಕ ಬೇಡವೇ ಬೇಡ.

ಕುಂಡದ ಕೆಳಗಿನ ತಟ್ಟೆ ಕೆಳಮನೆಯವರ ಒಣಹಾಕಿದ ಬಟ್ಟೆಯನ್ನು ಉಳಿಸುತ್ತದೆ. ಆದರೆ ಅದರಲ್ಲಿ ನಿಂತ ನೀರಿನಲ್ಲಿ ಡೆಂಗಿ ಹರಡುವ ಸೊಳ್ಳೆಯ ಮೊಟ್ಟೆ ವಾರ ಹತ್ತು ದಿನದಲ್ಲಿ ಸೊಳ್ಳೆಯಾಗಿ ಹಾರುತ್ತದೆ. ಎರಡು ದಿನಕ್ಕೊಮ್ಮೆ ತಟ್ಟೆ ಚೆಲ್ಲಿ, ವಾರಕ್ಕೊಮ್ಮೆ ಉಜ್ಜಿ ತೊಳೆಯಿರಿ. ಅದೇ ದಿನ ಕುಂಡ ಕಟ್ಟಿದ ತಂತಿಗಳನ್ನೂ ಗ್ರಿಲ್‌ನ ಬುಡದ ತುಕ್ಕನ್ನೂ ನೋಡಿ. ಏಪ್ರಿಲ್-ಮೇ ತಿಂಗಳ ಬಿರುಗಾಳಿ ಮಳೆ ಶುರುವಾಗುವ ಮೊದಲು ತುಕ್ಕು ಉಜ್ಜಿ ಬಣ್ಣ ಬಳಿದು, ಹಳೆಯ ತಂತಿಗಳನ್ನೆಲ್ಲ ಬದಲಿಸಿಬಿಡಿ.

ಹೊಸದಾಗಿ ಶುರುಮಾಡುವವರು ಆರು ಕುಂಡಗಳನ್ನು ಒಟ್ಟಿಗೆ ತರಬೇಡಿ. ಒಂದು ಪುದೀನ, ಒಂದು ದೊಡ್ಡಪತ್ರೆ ಸಾಕು. ಒಂದು ನೀರು ಬೇಡುವ ಗಿಡ, ಇನ್ನೊಂದು ನೀರು ಬೇಡದ ಗಿಡ. ಎರಡನ್ನೂ ಮೂರು ತಿಂಗಳು ಉಳಿಸಿಕೊಂಡವರಿಗೆ ತಮ್ಮ ಕಿಟಕಿಯ ಬಿಸಿಲೂ ತಮ್ಮ ಕೈಯ ನೀರಿನ ಅಳತೆಯೂ ಗೊತ್ತಾಗಿರುತ್ತದೆ. ಹೂವಿನ ಕುಂಡ ಆಮೇಲೆ ತನ್ನಿ.