ಸಾಲಾಗಿ ಕಂಡ ಮೂರು ರೋಧಕಗಳು

ಪಿಯುಸಿ ಹುಡುಗರ ವಾಟ್ಸ್ಆ್ಯಪ್ ಗುಂಪಿಗೆ ಸ್ಕ್ರೀನ್‌ಶಾಟ್ ಒಂದು ಬಂದು ಬೀಳುತ್ತದೆ ಎಂದುಕೊಳ್ಳಿ. ಚಿತ್ರ ತೀರಾ ಸರಳ. 12 ವೋಲ್ಟ್ ಬ್ಯಾಟರಿ, ಅದರ ಧನ ತುದಿಗೆ 10 ಓಮ್‌ನ ರೋಧಕ. ಅಲ್ಲಿಂದ ಮುಂದೆ ಒಂದೇ ಗೆರೆಯಲ್ಲಿ 60, 30, 20 ಓಮ್‌ನ ಮೂರು ರೋಧಕಗಳು. ಅವುಗಳ ತುದಿಗಳಿಗೆ ಎಡದಿಂದ ಬಲಕ್ಕೆ A, B, C, D ಎಂಬ ಗುರುತು. D ಯಿಂದ ತಂತಿ ಬ್ಯಾಟರಿಗೆ ಹಿಂದಿರುಗುತ್ತದೆ. ಇಷ್ಟಲ್ಲದೆ A ಯಿಂದ C ಗೆ ಮೇಲುಗಡೆಯಿಂದ ಒಂದು ಬರಿ ತಂತಿ, B ಯಿಂದ D ಗೆ ಕೆಳಗಡೆಯಿಂದ ಇನ್ನೊಂದು. ಸಮಾನ ರೋಧ ಎಷ್ಟು, ಒಂದೊಂದು ಕವಲಿನಲ್ಲಿ ಹರಿಯುವ ಪ್ರವಾಹ ಎಷ್ಟು ಎಂಬುದು ಪ್ರಶ್ನೆ.

ಕಣ್ಣು ಮೊದಲು ನೋಡುವುದು ಸಾಲನ್ನು. ಸಾಲಾಗಿವೆ ಎಂದಮೇಲೆ ಸರಣಿ ಜೋಡಣೆ ಎಂದು ಕೂಡಿಬಿಟ್ಟರೆ 120 ಓಮ್, ಪ್ರವಾಹ 0.1 ಆಂಪಿಯರ್. ತಾಳೆ ನೋಡಿದರೂ ಸರಿಯೆನಿಸುತ್ತದೆ: ನಾಲ್ಕು ರೋಧಕಗಳಲ್ಲಿ ಕ್ರಮವಾಗಿ 1, 6, 3, 2 ವೋಲ್ಟ್, ಒಟ್ಟು 12. ಉತ್ತರ ಮಾತ್ರ ಪೂರ್ತಿ ತಪ್ಪು. ಈ ಲೆಕ್ಕದ ಪ್ರಕಾರ A ಮತ್ತು C ನಡುವೆ 9 ವೋಲ್ಟ್ ವ್ಯತ್ಯಾಸ ಇರಬೇಕು. ಆದರೆ ಅವೆರಡನ್ನೂ ಒಂದು ಬರಿ ತಂತಿ ಸೇರಿಸಿದೆ. ರೋಧವೇ ಇಲ್ಲದ ತಂತಿಯ ಎರಡು ತುದಿಗಳ ನಡುವೆ ವೋಲ್ಟೇಜ್ ಇರಲಾರದು. ತಪ್ಪು ಸಿಕ್ಕಿಬೀಳುವುದು ಇಲ್ಲಿ.

ಹಾಗಾಗಿ ಕೂಡುವ ಮೊದಲು ಬಣ್ಣ ಹಚ್ಚಬೇಕು. ಫೋನಿನಲ್ಲಿ ಚಿತ್ರ ತೆರೆದು, ಎಡಿಟ್‌ನ ಪೆನ್ನಿನಿಂದ A ಬಿಂದುವಿಗೆ ಕೆಂಪು ಹಚ್ಚಿ. ತಂತಿಗುಂಟ ಸಾಗಿ, ರೋಧಕ ಎದುರಾದಲ್ಲಿ ನಿಲ್ಲಿ. ಕೆಂಪು ಮೇಲಿನ ತಂತಿ ಹಿಡಿದು C ಗೂ ತಲುಪುತ್ತದೆ. D ಯಿಂದ ನೀಲಿ ಶುರುಮಾಡಿದರೆ ಅದು ಕೆಳಗಿನ ತಂತಿಯಲ್ಲಿ ಹೋಗಿ B ಗೆ ಮುಟ್ಟುತ್ತದೆ. ಈಗ ನೋಡಿದರೆ ಮೂರು ರೋಧಕಗಳಿಗೂ ಒಂದು ತುದಿ ಕೆಂಪು, ಇನ್ನೊಂದು ನೀಲಿ. ಅಂದರೆ ಮೂರೂ ಸಮಾಂತರ ಜೋಡಣೆಯಲ್ಲಿವೆ! ಚಿತ್ರದಲ್ಲಿ ಯಾವುದು ಎಲ್ಲಿ ಕೂತಿದೆ ಎಂಬುದಕ್ಕೆ ಬೆಲೆಯಿಲ್ಲ, ಯಾವ ತುದಿ ಯಾವುದಕ್ಕೆ ಅಂಟಿದೆ ಎಂಬುದಷ್ಟೇ ಲೆಕ್ಕ.

ಮುಂದಿನದು ಸಲೀಸು.

```
1/60 + 1/30 + 1/20 = 6/60 = 1/10
```

ಮೂರೂ ಸೇರಿ 10 ಓಮ್. ಸಮಾಂತರದಲ್ಲಿ ಉತ್ತರ ಯಾವಾಗಲೂ ಅತಿ ಚಿಕ್ಕ ರೋಧಕ್ಕಿಂತ, ಇಲ್ಲಿ 20 ಕ್ಕಿಂತ, ಕಡಿಮೆಯೇ ಬರಬೇಕು, ಬಂದಿದೆ. ಹೊರಗಿನ 10 ಸೇರಿಸಿದರೆ 20 ಓಮ್, ಬ್ಯಾಟರಿಯಿಂದ ಹೊರಡುವ ಪ್ರವಾಹ 0.6 ಆಂಪಿಯರ್. ಮೊದಲ ರೋಧಕ 6 ವೋಲ್ಟ್ ತಿಂದು, ಕೆಂಪು-ನೀಲಿಗಳ ನಡುವೆ ಉಳಿಯುವುದು 6 ವೋಲ್ಟ್. ಅದನ್ನು ಒಂದೊಂದು ರೋಧದಿಂದ ಭಾಗಿಸಿದರೆ 60 ರಲ್ಲಿ 0.1, 30 ರಲ್ಲಿ 0.2, 20 ರಲ್ಲಿ 0.3 ಆಂಪಿಯರ್. ಕೂಡಿದರೆ 0.6.

ಇಲ್ಲಿಗೆ ಪುಸ್ತಕ ಮುಚ್ಚುವವರೇ ಹೆಚ್ಚು. ಆದರೆ ಈ ಲೆಕ್ಕದ ನಿಜವಾದ ಸೊಗಸು ಮೂಲ ಚಿತ್ರಕ್ಕೆ ಮರಳಿದಾಗ ಕಾಣುತ್ತದೆ. A ಗೆ ಬಂದ 0.6 ರಲ್ಲಿ 0.1 ಮಾತ್ರ 60 ಓಮ್‌ನೊಳಗೆ ಹೋಗುತ್ತದೆ, ಉಳಿದ 0.5 ಮೇಲಿನ ತಂತಿ ಹಿಡಿದು C ಗೆ ಹಾರುತ್ತದೆ. C ಯಲ್ಲಿ 0.3 ಮುಂದಕ್ಕೆ D ಯ ಕಡೆ, 0.2 ಹಿಂದಕ್ಕೆ B ಯ ಕಡೆ. ಅಂದರೆ ನಡುವಿನ 30 ಓಮ್ ರೋಧಕದಲ್ಲಿ ಪ್ರವಾಹ ಬಲದಿಂದ ಎಡಕ್ಕೆ ಹರಿಯುತ್ತಿದೆ! B ಯಲ್ಲಿ 0.1 ಮತ್ತು 0.2 ಸೇರಿದ 0.3 ಆಂಪಿಯರ್ ಕೆಳಗಿನ ತಂತಿಯಲ್ಲಿ D ಗೆ ಇಳಿಯುತ್ತದೆ. ಸಮಾನ ರೋಧದ 10 ಓಮ್ ಎಂಬ ಒಂದೇ ಸಂಖ್ಯೆಯಲ್ಲಿ ಈ ಸಂಗತಿ ಯಾವುದೂ ಇರಲಿಲ್ಲ.

ಸ್ಕ್ರೀನ್‌ಶಾಟ್ ಎಂದಮೇಲೆ ಅದರದೇ ತಾಪತ್ರಯಗಳೂ ಇವೆ. ಎರಡು ಗೆರೆಗಳು ಒಂದನ್ನೊಂದು ದಾಟುವಲ್ಲಿ ಚುಕ್ಕೆ ಇದ್ದರೆ ಸಂಧಿ, ಇಲ್ಲದಿದ್ದರೆ ಒಂದರ ಮೇಲೊಂದು ಹಾಯ್ದ ತಂತಿಗಳು. ಕೈಯಿಂದ ಕೈಗೆ ಹೋಗಿ ಮಸುಕಾದ ಚಿತ್ರದಲ್ಲಿ ಮೊದಲು ಅಳಿಸುವುದು ಆ ಚುಕ್ಕೆಯೇ. 4.7 ರ ನಡುವಿನ ಬಿಂದುವಿಗೂ ಅದೇ ಗತಿ. ಬಿಂದು ಮಾಯವಾದರೆ ಬೆಲೆ ಹತ್ತು ಪಟ್ಟು ಹೆಚ್ಚುತ್ತದೆ. ಎಂಜಿನಿಯರುಗಳು 4.7 ಕಿಲೋಓಮ್ ಅನ್ನು `4k7` ಎಂದು ಬರೆಯುವ ರೂಢಿಗೆ ಕಾರಣ ಇದು. ಅಕ್ಷರ ಅಷ್ಟು ಬೇಗ ಅಳಿಸುವುದಿಲ್ಲ. ಅನುಮಾನ ಬಂದರೆ ಮೂಲ ಚಿತ್ರವನ್ನೇ ಕೇಳಿ ತರಿಸಿಕೊಳ್ಳುವುದು ಒಳ್ಳೆಯದು.

ಇದೇ ಚಿತ್ರದಲ್ಲಿ ಮೇಲಿನ, ಕೆಳಗಿನ ಎರಡೂ ತಂತಿಗಳ ಜಾಗಕ್ಕೆ ರೋಧಕಗಳನ್ನಿಟ್ಟರೆ ಬಣ್ಣದ ಉಪಾಯ ಅರ್ಧಕ್ಕೇ ನಿಲ್ಲುತ್ತದೆ. A, B, C, D ಗಳಿಗೆ ನಾಲ್ಕು ಬೇರೆ ಬೇರೆ ಬಣ್ಣ ಬರುತ್ತವೆ. ಸರಣಿಯೆನ್ನಲೂ ಆಗದು, ಸಮಾಂತರವೆನ್ನಲೂ ಆಗದು. ಅದು ವೀಟ್‌ಸ್ಟನ್ ಸೇತುವೆ, ನಡುವಿನ 30 ಓಮ್ ಅದರ ಹಾಸು. ಅಲ್ಲಿ ಬಳಕೆಗೆ ಬರುವುದು 1845 ರಲ್ಲಿ ಕಿರ್ಕಾಫ್ ಕೊಟ್ಟ ನಿಯಮ: ಸಂಧಿಗೆ ಬಂದ ಪ್ರವಾಹ ಅಷ್ಟೂ ಹೊರಗೆ ಹೋಗಲೇಬೇಕು. B ಮತ್ತು C ಗೆ ಒಂದೊಂದು ಸಮೀಕರಣ ಬರೆದು, A ಯ ವಿಭವಕ್ಕೆ ಮೂರನೆಯದೊಂದು ಸೇರಿಸಿದರೆ ನಡುವಿನ ರೋಧಕದಲ್ಲಿ ಪ್ರವಾಹ ಎತ್ತ ಹರಿಯುತ್ತದೆ ಎಂಬುದೂ ಗೊತ್ತಾಗುತ್ತದೆ. B, C ಗಳ ವಿಭವ ಸರಿಸಮವಾಗಿಬಿಟ್ಟರೆ ಅಲ್ಲಿ ಪ್ರವಾಹವೇ ಇರುವುದಿಲ್ಲ.