ಬರಹದ ಜೊತೆ ಕಾಮೆಂಟೂ ಉಳಿಯಲಿ

2014ರ ಸೆಪ್ಟೆಂಬರ್ 30ರಂದು ಗೂಗಲ್ ಸಂಸ್ಥೆ ಆರ್ಕುಟ್ ಮುಚ್ಚಿತು. 2019ರ ಏಪ್ರಿಲ್‌ನಲ್ಲಿ ಗೂಗಲ್ ಪ್ಲಸ್ ಸರದಿ. ಎರಡೂ ಸಲ ಮೊದಲೇ ತಿಳಿಸಿ, ಬರೆದದ್ದನ್ನು ಇಳಿಸಿಕೊಳ್ಳಲು ಗಡುವು ಕೊಟ್ಟಿತ್ತು. ಆದರೆ ಅಂಥ ಸೂಚನೆ ಕಣ್ಣಿಗೆ ಬೀಳದೇ ಹೋಗಬಹುದು. ಪ್ರತಿ ತಾನಾಗಿಯೇ ನಮ್ಮ ಕಡೆ ಬಂದು ಸೇರುತ್ತಿದ್ದರೆ ಗಡುವಿನ ಭಯವಿಲ್ಲ.

ಗೂಗಲ್‌ನ ಬ್ಲಾಗರ್‌ನಲ್ಲಿ ಬರೆಯುವವರಿಗೆ ಇದಕ್ಕೆ ದಾರಿ ಆಗಲೇ ಇದೆ. ಬ್ಲಾಗಿನ ವಿಳಾಸದ ಮುಂದೆ ಈ ಎರಡನ್ನು ಸೇರಿಸಿ ನೋಡಿ:

```
/feeds/posts/default
/feeds/comments/default
```

ಮೊದಲನೆಯದರಲ್ಲಿ ಬರಹಗಳು, ಎರಡನೆಯದರಲ್ಲಿ ಎಲ್ಲ ಬರಹಗಳ ಕಾಮೆಂಟ್‌ಗಳು, ಕಂಪ್ಯೂಟರ್ ಓದಬಲ್ಲ ರೂಪದಲ್ಲಿ ಸಿಗುತ್ತವೆ. ದಿನಕ್ಕೊಮ್ಮೆ ಇವೆರಡನ್ನೂ ತಂದು ಉಳಿಸುವ ಕೆಲಸವನ್ನು ಚಿಕ್ಕ ಪ್ರೋಗ್ರಾಮಿಗೆ ಒಪ್ಪಿಸಬಹುದು.

ಬರಹ ಪ್ರಕಟವಾದ ಕೂಡಲೇ ಒಂದು ಪ್ರತಿ ತೆಗೆದು ಸುಮ್ಮನಾದರೆ ಸಾಲದು. ಊರಿನ ಶಾಸನವೊಂದರ ಬಗ್ಗೆ ನೀವು ಭಾನುವಾರ ಬರೆದಿರಿ ಎನ್ನೋಣ. ಎರಡು ತಿಂಗಳಾದ ಮೇಲೆ ಓದುಗರೊಬ್ಬರು ಕಾಮೆಂಟಿನಲ್ಲಿ ಅದರ ಕಾಲವನ್ನು ತಿದ್ದುತ್ತಾರೆ. ಭಾನುವಾರದ ಪ್ರತಿಯಲ್ಲಿ ಆ ತಿದ್ದುಪಡಿ ಇರುವುದಿಲ್ಲ. ಅದಕ್ಕೇ ಕಾಮೆಂಟ್‌ಗಳ ಫೀಡನ್ನು ಬೇರೆಯಾಗಿ, ದಿನವೂ ನೋಡಬೇಕು. ತಾನು ಯಾವ ಬರಹಕ್ಕೆ ಸೇರಿದ್ದು ಎಂಬ ಗುರುತು ಪ್ರತಿ ಕಾಮೆಂಟಿನಲ್ಲೂ ಇರುವುದರಿಂದ ತಡವಾಗಿ ಬಂದದ್ದೂ ಸರಿಯಾದ ಜಾಗಕ್ಕೆ ಸೇರುತ್ತದೆ. ಏನೂ ಹೇಳದಿದ್ದರೆ ಫೀಡ್ ಇತ್ತೀಚಿನ 25ನ್ನಷ್ಟೇ ಕೊಡುತ್ತದೆ. ಹಾಗಾಗಿ ಮೊದಲ ಸಲ `start-index` ಏರಿಸುತ್ತಾ ಹಳೆಯದನ್ನೆಲ್ಲ ಕಂತುಕಂತಾಗಿ ತರಬೇಕು.

ಹೊಸ ಪ್ರತಿ ಹಳೆಯದನ್ನು ಅಳಿಸಬಾರದು. ಯಾರೋ ಖಾತೆಗೆ ಕನ್ನ ಹಾಕಿ ಬರಹಗಳನ್ನು ಅಳಿಸಿದರೆ, ಅಂದಿನ ಖಾಲಿ ಫೀಡ್ ನಿಮ್ಮ ಸಂಗ್ರಹವನ್ನೂ ಖಾಲಿ ಮಾಡೀತು. ಪ್ರತಿ ನಮೂದಿಗೂ ಇರುವ ಐಡಿ ನೋಡಿ ಹೊಸದನ್ನು ಸೇರಿಸಬೇಕು. ತಿದ್ದಿದ್ದನ್ನು ದಿನಾಂಕದೊಂದಿಗೆ ಇನ್ನೊಂದು ಪ್ರತಿಯಾಗಿ ಇಡಬೇಕು. ಹೀಗೆ ಇಟ್ಟಾಗ, ಬರೆದವರೇ ಅಳಿಸಿಕೊಂಡ ಕಾಮೆಂಟೂ ನಿಮ್ಮಲ್ಲಿ ಉಳಿದಿರುತ್ತದೆ. ಅದನ್ನು ಮತ್ತೆ ಪ್ರಕಟಿಸದಿರುವುದು ನಿಮ್ಮ ಹೊಣೆ.

ಎಲ್ಲ ಸರಿಯಿದೆ ಎಂದು ಕಂಡರೂ ಎರಡು ಕಡೆ ಮೋಸ ಹೋಗಬಹುದು. ಬ್ಲಾಗರ್ ಸೆಟ್ಟಿಂಗ್‌ನಲ್ಲಿ ಫೀಡ್ `Short` ಎಂದಿದ್ದರೆ ಪ್ರತಿ ಬರಹದ ಮೊದಲ ಕೆಲವು ಸಾಲು ಮಾತ್ರ ಬರುತ್ತದೆ. ಅದು `Full` ಆಗಿರಬೇಕು. ಇನ್ನೊಂದು, ಚಿತ್ರಗಳದ್ದು. ಫೀಡಿನಲ್ಲಿ ಬರುವುದು ಚಿತ್ರದ ವಿಳಾಸ, ಚಿತ್ರವಲ್ಲ. ಪ್ರೋಗ್ರಾಮ್ ಆ ವಿಳಾಸಕ್ಕೆ ಹೋಗಿ ಚಿತ್ರವನ್ನೂ ಇಳಿಸಿಕೊಳ್ಳಬೇಕು.

ತಿಂಗಳಿಗೊಮ್ಮೆ ಎರಡು ಪರೀಕ್ಷೆ ಮಾಡಿ. ಫೀಡಿನ `openSearch:totalResults` ಎಂಬಲ್ಲಿ ಒಟ್ಟು ಸಂಖ್ಯೆ ಇರುತ್ತದೆ. ನಿಮ್ಮ ಸಂಗ್ರಹದಲ್ಲಿರುವುದು ಅದಕ್ಕಿಂತ ಕಡಿಮೆಯಿದ್ದರೆ ಎಲ್ಲೋ ತಪ್ಪಿದೆ. ಆಮೇಲೆ ಇಂಟರ್‌ನೆಟ್ ಸಂಪರ್ಕ ತೆಗೆದು ಹಳೆಯ ಬರಹವೊಂದನ್ನು ಸಂಗ್ರಹದಿಂದ ತೆರೆಯಿರಿ. ಪೂರ್ತಿ ಪಠ್ಯ, ಚಿತ್ರ, ಕಾಮೆಂಟ್ ಮೂರೂ ಕಂಡರೆ ಬ್ಯಾಕಪ್ ನಿಜವಾಗಿಯೂ ಕೆಲಸ ಮಾಡುತ್ತಿದೆ.