ಮದುವೆ ಮನೆಯ ವಾರಾಂತ್ಯದ ಕೆಲಸ: ಕೂಲಿಯ ಲೆಕ್ಕ ಮತ್ತು ಸುರಕ್ಷತೆ



ಆಷಾಢ ಮತ್ತು ಧನುರ್ಮಾಸಗಳನ್ನು ಬಿಟ್ಟರೆ ವರ್ಷದ ಉಳಿದ ದಿನಗಳಲ್ಲಿ, ಅದರಲ್ಲಿಯೂ ಶನಿವಾರ ಮತ್ತು ಭಾನುವಾರಗಳಂದು, ನಮ್ಮ ಗ್ರಾಮಗಳ ಕಾಲೇಜು ವಿದ್ಯಾರ್ಥಿಗಳೂ ಯುವಕ ಯುವತಿಯರೂ ಪಟ್ಟಣದ ಕಲ್ಯಾಣ ಮಂಟಪಗಳಿಗೆ ಬಡಿಸುವ, ತರಕಾರಿ ಹೆಚ್ಚುವ ಹಾಗೂ ಪಾತ್ರೆ ತೊಳೆಯುವ ಕೆಲಸಕ್ಕೆ ತೆರಳುತ್ತಿರುವುದು ತಮಗೆಲ್ಲ ತಿಳಿದ ವಿಷಯವಾಗಿದೆ. ಸಾಮಾನ್ಯವಾಗಿ ಊರಿನವನೇ ಆದ ಒಬ್ಬ ಮೇಸ್ತ್ರಿಯು ದೂರವಾಣಿಯಲ್ಲಿ ಜನರನ್ನು ಹೊಂದಿಸಿ ಕರೆದೊಯ್ಯುತ್ತಾನೆ. ಲಿಖಿತವಾಗಿ ಏನೂ ಇರುವುದಿಲ್ಲ. ಈ ಕೆಲಸದಲ್ಲಿ ಉಂಟಾಗುವ ಬಹುಪಾಲು ತಕರಾರುಗಳ ಮೂಲ ‘ಒಂದು ಮದುವೆಗೆ ಇಷ್ಟು’ ಎಂಬ ಮಾತಿನಲ್ಲಿದೆ.

ನಮ್ಮ ಪಂಚಾಯತಿ ವ್ಯಾಪ್ತಿಯ ಪದವಿ ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬ ಕಚೇರಿಗೆ ಬಂದು ತನಗೆ ಕೂಲಿ ಕಡಿಮೆಯಾಯಿತೆಂದು ಹೇಳಿದಾಗ, ಅವನನ್ನು ಕೂರಿಸಿಕೊಂಡು ಗಂಟೆಗಳ ಲೆಕ್ಕ ಹಾಕಿದೆನು. ಒಪ್ಪಂದವು ‘ಒಂದು ಮದುವೆಗೆ 900 ರೂಪಾಯಿ’ ಎಂದಾಗಿತ್ತು. ಶನಿವಾರ ಮಧ್ಯಾಹ್ನ 2 ಗಂಟೆಗೆ ಊರಿನಿಂದ ಹೊರಟು 4 ಗಂಟೆಗೆ ಕೆಲಸ ಆರಂಭಿಸಿದನು. ಆರತಕ್ಷತೆಯ ಊಟ ಮುಗಿದು, ಊಟದ ಮನೆ ತೊಳೆದು ಮಲಗಿದಾಗ ರಾತ್ರಿ 12.30. ಮರುದಿನ ಬೆಳಗಿನ ಜಾವ 4.30ಕ್ಕೆ ಕಾಫಿ ಮತ್ತು ತಿಂಡಿಯ ಕೆಲಸಕ್ಕೆ ಎಬ್ಬಿಸಿದರು. ಮುಹೂರ್ತದ ಊಟವೂ ಮುಗಿದು ಪಾತ್ರೆಗಳನ್ನು ವಾಹನಕ್ಕೆ ಏರಿಸಿದಾಗ ಭಾನುವಾರ ಸಂಜೆ 5 ಗಂಟೆ. ಒಟ್ಟು 21 ಗಂಟೆಗಳಲ್ಲಿ ಊಟ ಮತ್ತು ವಿಶ್ರಾಂತಿಗೆ ದೊರೆತದ್ದು ಒಂದು ಗಂಟೆ. ವಾಹನದ ಬಾಬ್ತು 100 ರೂಪಾಯಿ ಮುರಿದುಕೊಂಡು 800 ರೂಪಾಯಿ ಕೊಟ್ಟರು. 20 ಗಂಟೆಗಳ ಕೆಲಸಕ್ಕೆ ಭಾಗಿಸಿದರೆ ಗಂಟೆಗೆ 40 ರೂಪಾಯಿ.

ಅದೇ ಮದುವೆಗೆ ಪಕ್ಕದ ಊರಿನಿಂದ ಬಂದವರು ‘ಹೊತ್ತಿಗೆ ಇಷ್ಟು’ ಎಂದು ಮಾತನಾಡಿದ್ದರು. ರಾತ್ರಿಯ ಊಟಕ್ಕೆ 500, ತಿಂಡಿಗೆ 300, ಮಧ್ಯಾಹ್ನದ ಊಟಕ್ಕೆ 500, ವಾಹನ ಗುತ್ತಿಗೆದಾರರದು. ಅವರ ಕೈಗೆ 1,300 ರೂಪಾಯಿ ಬಂದಿತು. ಕೆಲಸದಲ್ಲಿ ವ್ಯತ್ಯಾಸವಿರಲಿಲ್ಲ, ಮಾತಿನಲ್ಲಿ ಮಾತ್ರ ಇತ್ತು. ನಮ್ಮ ಭಾಗದಲ್ಲಿ ಬಡಿಸುವವರಿಗೆ ಒಂದು ಹೊತ್ತಿನ ಊಟಕ್ಕೆ ಸಾಮಾನ್ಯವಾಗಿ 500ರಿಂದ 700 ರೂಪಾಯಿ ನಡೆಯುತ್ತಿದೆ. ಪಾತ್ರೆ ತೊಳೆಯುವ ಮತ್ತು ತರಕಾರಿ ಹೆಚ್ಚುವ ಮಹಿಳೆಯರಿಗೆ ಇದಕ್ಕಿಂತ ಕಡಿಮೆ ಕೊಡುತ್ತಾರೆ. ಅವರ ದುಡಿಮೆ ಬಡಿಸುವವರಿಗಿಂತ ಮೊದಲೇ ಆರಂಭವಾಗಿ ಎಲ್ಲರಿಗಿಂತ ಕೊನೆಗೆ ಮುಗಿಯುವುದರಿಂದ, ಇದಕ್ಕೆ ಯಾವ ನ್ಯಾಯವೂ ನನಗೆ ಕಾಣುವುದಿಲ್ಲ.

ಆದುದರಿಂದ ಹೊರಡುವ ಮುನ್ನ ಮೇಸ್ತ್ರಿಗೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಂದೇಶ ಕಳುಹಿಸಿ ‘ಆಯಿತು’ ಎಂಬ ಉತ್ತರವನ್ನು ಪಡೆದುಕೊಳ್ಳುವಂತೆ ಯುವಕರಿಗೆ ತಿಳಿಸಬಹುದು. ಉದಾಹರಣೆಗೆ: ‘ಶನಿವಾರ ರಾತ್ರಿ ಊಟ, ಭಾನುವಾರ ತಿಂಡಿ ಮತ್ತು ಊಟ, ಮೂರು ಹೊತ್ತಿಗೆ 1,300 ರೂ. ವಾಹನ ನಿಮ್ಮದು. ಭಾನುವಾರ ಸಂಜೆಯೇ ಹಣ.’ ನಾಲ್ಕು ಸಾಲಿನ ಈ ಸಂದೇಶವು ಮುಂದೆ ಕೂಲಿ ಬಾಕಿ ಉಳಿದಲ್ಲಿ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಮುಂದೆ ಇಡಬಹುದಾದ ಆಧಾರವೂ ಆಗುತ್ತದೆ.

ವಯಸ್ಸಿನ ವಿಚಾರದಲ್ಲಿ ಸದಸ್ಯರು ವಿಶೇಷ ಗಮನ ನೀಡತಕ್ಕದ್ದು. 14 ವರ್ಷದೊಳಗಿನ ಮಕ್ಕಳನ್ನು ಇಂತಹ ಕೆಲಸಕ್ಕೆ ಇಟ್ಟುಕೊಳ್ಳುವುದನ್ನು 1986ರ ಕಾಯ್ದೆಯು, 2016ರ ತಿದ್ದುಪಡಿಯ ನಂತರ, ಪೂರ್ಣವಾಗಿ ನಿಷೇಧಿಸಿದೆ. 14ರಿಂದ 18ರ ನಡುವಿನವರಿಂದ ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸ ಮಾಡಿಸುವಂತಿಲ್ಲ. ಆರತಕ್ಷತೆಯ ಊಟ ಆರಂಭವಾಗುವುದೇ 7ರ ನಂತರ. ತಿಂಡಿಯ ಕೆಲಸ 8ಕ್ಕೆ ಮೊದಲೇ ಶುರುವಾಗುತ್ತದೆ. ಹೀಗಿರುವಾಗ ಪಿಯುಸಿ ಓದುವ ಹುಡುಗರನ್ನು ರಾತ್ರಿ ತಂಗುವ ಮದುವೆ ಕೆಲಸಕ್ಕೆ ಕರೆದೊಯ್ಯಲು ಅವಕಾಶವೇ ಉಳಿಯುವುದಿಲ್ಲ. ಮೇಸ್ತ್ರಿಗಳಿಗೆ ಇದನ್ನು ಮುಖತಃ ತಿಳಿಸುವುದು ಒಳಿತು. ಮಕ್ಕಳ ಕುರಿತ ದೂರುಗಳಿಗೆ 1098 ಸಹಾಯವಾಣಿ ಇದೆ.

ಇನ್ನು ಅಪಾಯಗಳ ವಿಷಯ. ಮದುವೆ ಮನೆಯಲ್ಲಿ ಹೆಚ್ಚು ಜನರಿಗೆ ಪೆಟ್ಟಾಗುವುದು ಒಲೆಯ ಬಳಿ ಎಂದು ನಾವು ಭಾವಿಸುತ್ತೇವೆ. ಆದರೆ ಹುಡುಗರನ್ನು ವಿಚಾರಿಸಿದಾಗ ತಿಳಿದುಬಂದಂತೆ, ಅಡುಗೆಮನೆಯಿಂದ ಊಟದ ಪಂಕ್ತಿಗೆ ಹೋಗುವ ಹತ್ತಿಪ್ಪತ್ತು ಹೆಜ್ಜೆಗಳ ದಾರಿಯೇ ಹೆಚ್ಚು ಅಪಾಯಕಾರಿ. ಅಲ್ಲಿ ನೆಲ ಸದಾ ಒದ್ದೆಯಾಗಿದ್ದು, ಬಾಳೆ ಎಲೆಯ ತುಂಡು ಬಿದ್ದಿರುತ್ತದೆ. ಕಂಠದವರೆಗೆ ಸಾರು ತುಂಬಿದ ಬಕೆಟ್ ಹಿಡಿದು ಓಡುವವನು ಜಾರಿದರೆ ಸಾರು ಬೀಳುವುದು ಅವನ ತೊಡೆ ಮತ್ತು ಪಾದಗಳ ಮೇಲೆ. ಬಕೆಟ್ಟನ್ನು ಅರ್ಧಕ್ಕಿಂತ ಸ್ವಲ್ಪವೇ ಮೇಲಕ್ಕೆ ತುಂಬಿ ಎರಡು ಸಲ ನಡೆಯುವುದು ಲೇಸು. ದೊಡ್ಡ ಕೊಳಗವನ್ನು ಇಬ್ಬರು ಹಿಡಿದು, ಒಬ್ಬರು ಮುಂದೆ ದಾರಿ ಬಿಡಿಸುತ್ತಾ ಸಾಗಬೇಕು. ಬಿಸಿ ಪಾತ್ರೆ ಹಿಡಿಯಲು ಒಣ ಬಟ್ಟೆಯನ್ನೇ ಬಳಸತಕ್ಕದ್ದು. ಒದ್ದೆ ಬಟ್ಟೆಯ ಮೂಲಕ ಶಾಖವು ಬಹುಬೇಗ ಕೈಗೆ ದಾಟಿ, ಪಾತ್ರೆಯನ್ನು ನಡುವೆಯೇ ಕೈಬಿಡುವಂತಾಗುತ್ತದೆ. ಗುತ್ತಿಗೆದಾರರು ಕೊಡುವ ಸಮವಸ್ತ್ರ ಹಲವು ವೇಳೆ ನೈಲಾನ್ ಮಿಶ್ರಿತವಾಗಿದ್ದು, ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟುತ್ತದೆ. ಒಲೆಯ ಬಳಿ ನಿಲ್ಲುವವರಾದರೂ ಹತ್ತಿ ಬಟ್ಟೆ ಧರಿಸಲಿ.

ಸುಟ್ಟರೆ ಮೊದಲು ಉಂಗುರ, ಕೈದಾರಗಳನ್ನು ಬಾವು ಬರುವ ಮುನ್ನ ತೆಗೆದು, ಆ ಭಾಗವನ್ನು ನಲ್ಲಿಯ ತಣ್ಣೀರಿನಡಿ 20 ನಿಮಿಷ ಹಿಡಿಯಬೇಕು. ಅಡುಗೆಮನೆಯಲ್ಲಿ ಯಾರಾದರೊಬ್ಬರು ಟೂತ್‌ಪೇಸ್ಟ್, ಅರಿಶಿನ ಅಥವಾ ಮಂಜುಗಡ್ಡೆ ತಂದೇ ತರುತ್ತಾರೆ. ಇವು ಗಾಯವನ್ನು ಹೆಚ್ಚಿಸುತ್ತವೆ. ಗಾಯವು ಅಂಗೈಗಿಂತ ದೊಡ್ಡದಾಗಿದ್ದರೆ ಅಥವಾ ಮುಖ, ಕೈ, ಕೀಲುಗಳ ಮೇಲಿದ್ದರೆ ಊಟ ಮುಗಿಯುವವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಮರಳುವ ಪ್ರಯಾಣವು ಅಷ್ಟೇ ಗಂಭೀರ ವಿಷಯ. ದಣಿದ ಹುಡುಗರನ್ನು ಪಾತ್ರೆಗಳ ಮೇಲೆ ಕೂರಿಸಿ, ತಾನೂ ನಿದ್ದೆಗೆಟ್ಟ ಚಾಲಕನು ಸರಕು ವಾಹನವನ್ನು ಓಡಿಸುವುದು ವಾಡಿಕೆಯಾಗಿದೆ. ಸರಕು ವಾಹನದಲ್ಲಿ ಹೀಗೆ ಕುಳಿತವರಿಗೆ ಅಪಘಾತವಾದಾಗ ವಾಹನದ ವಿಮೆಯಿಂದ ಪರಿಹಾರ ದೊರೆಯುವುದು ದುಸ್ತರ. ಮುಹೂರ್ತದ ದಿನದ ಸಂಜೆ ಬಸ್ಸು ಸಿಗುವ ಊರಾದರೆ ಬಸ್ಸಿನ ಚಾರ್ಜನ್ನು ಕೂಲಿಯೊಡನೆ ಕೇಳಿ ಪಡೆಯುವುದೇ ಸರಿ. 18ರಿಂದ 70 ವರ್ಷದವರು ತಮ್ಮ ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಟ್ಟಿದರೆ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯಡಿ ಅಪಘಾತದಲ್ಲಿ ಮರಣ ಅಥವಾ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ ರೂಪಾಯಿ ರಕ್ಷಣೆ ಇರುತ್ತದೆ. ಅವಧಿಯು ಜೂನ್ 1ರಿಂದ ಮೇ 31ರವರೆಗೆ. ಕಡಿತವಾಗುವ ದಿನ ಖಾತೆಯಲ್ಲಿ ಹಣವಿಲ್ಲದೆ ರಕ್ಷಣೆ ತಪ್ಪಿಹೋದವರು ಅನೇಕರು.

ಮೇಸ್ತ್ರಿಗಳ ದೂರೂ ಒಂದಿದೆ, ಅದು ಸುಳ್ಳಲ್ಲ. ಎಲೆ ಊಟದಲ್ಲಿ ಒಬ್ಬೊಬ್ಬರು ಒಂದೊಂದು ಪದಾರ್ಥ ಹಿಡಿದು ಪಂಕ್ತಿಯುದ್ದಕ್ಕೂ ಸಾಗುತ್ತಾರೆ. ಅನ್ನ ಬಡಿಸಿದ ಮೇಲೆ ತೊವ್ವೆಯವನು ಬಾರದಿದ್ದರೆ ನೂರು ಎಲೆಗಳ ಮುಂದೆ ನೂರು ಜನ ಕೈಕಟ್ಟಿ ಕೂರಬೇಕಾಗುತ್ತದೆ. ಒಪ್ಪಿಕೊಂಡ ಹುಡುಗನು ಬೇರೆ ಕಡೆ ನೂರು ರೂಪಾಯಿ ಹೆಚ್ಚು ಸಿಕ್ಕಿತೆಂದು ಬೆಳಿಗ್ಗೆ ಫೋನ್ ಬಂದ್ ಮಾಡಿದಾಗ ಆಗುವುದು ಇದೇ. ಮರುವಾರದಿಂದ ಆ ಊರಿನ ಯಾರನ್ನೂ ಕರೆಯದ ಮೇಸ್ತ್ರಿಗಳನ್ನು ನಾನು ಕಂಡಿದ್ದೇನೆ. ಬರಲಾಗದಿದ್ದರೆ ಹಿಂದಿನ ದಿನವೇ ತಿಳಿಸಿ, ಸಾಧ್ಯವಾದರೆ ಬದಲಿ ವ್ಯಕ್ತಿಯನ್ನು ಸೂಚಿಸತಕ್ಕದ್ದು. ಜ್ವರ ಅಥವಾ ಭೇದಿ ಇದ್ದವರು ಒಂದು ದಿನದ ಕೂಲಿ ಹೋದರೂ ಬಡಿಸಲು ಹೋಗಬಾರದು.

ತಮ್ಮ ವಾರ್ಡಿನಿಂದ ಹೋಗುವವರ ಹೆಸರು, ಮೇಸ್ತ್ರಿಯ ದೂರವಾಣಿ ಸಂಖ್ಯೆ, ಮಂಟಪದ ಹೆಸರು ಮತ್ತು ಮರಳುವ ಸಮಯ, ಇಷ್ಟನ್ನು ಮನೆಯವರ ಬಳಿ ಬರೆದಿಡುವಂತೆ ಸದಸ್ಯರು ತಿಳಿಸಬೇಕೆಂದು ಕೋರಿದೆ. ಮಹಿಳೆಯರು ರಾತ್ರಿ ತಂಗುವುದಾದರೆ ಒಳಗಿನಿಂದ ಚಿಲಕವಿರುವ ಪ್ರತ್ಯೇಕ ಕೊಠಡಿ ಇದೆಯೇ ಎಂಬುದನ್ನು ಹೊರಡುವ ಮೊದಲೇ ಮೇಸ್ತ್ರಿಯಿಂದ ಖಚಿತಪಡಿಸಿಕೊಳ್ಳತಕ್ಕದ್ದು. ಇಲ್ಲವೆಂದಾದರೆ ಅವರನ್ನು ಭಾನುವಾರ ಬೆಳಿಗ್ಗೆ ಮಾತ್ರ ಕರೆಸಿಕೊಳ್ಳುವಂತೆ ಹೇಳಬಹುದಾಗಿದೆ.